ಜಗತ್ತಿನ ಧರ್ಮಗಳು: ಒತ್ತಿ ನೋಡಿ, ತಕ್ಷಣ ತಿಳಿಯಿರಿ

ಮನೆಯಲ್ಲೇ ಕೂತು ಓದುತ್ತಿರುವ ಬಿ.ಎ. ಮೊದಲ ವರ್ಷದವರಿಗೆ ಈ ಕ್ವಿಜ್. ಹತ್ತು ಪ್ರಶ್ನೆಗಳಿವೆ. ಉತ್ತರ ಒತ್ತಿದ ಕೂಡಲೇ ಅದರ ಕೆಳಗೆ ವಿವರಣೆ ಬರುತ್ತದೆ. ತಪ್ಪು ಒತ್ತಿದರೂ ಅಂಕ ಕಳೆಯುವುದಿಲ್ಲ. ನಿಜ ಹೇಳಬೇಕೆಂದರೆ ತಪ್ಪು ಉತ್ತರಗಳ ವಿವರಣೆ ಬರೆಯುವುದಕ್ಕೇ ನನಗೆ ಜಾಸ್ತಿ ಹೊತ್ತು ಹಿಡಿಯಿತು. ಸರಿ ಉತ್ತರ ಸಿಕ್ಕ ಮೇಲೂ ಉಳಿದವನ್ನು ಒಮ್ಮೆ ಒತ್ತಿ ನೋಡಿ.

ಯಾವ ಧರ್ಮ ಯಾವಾಗ ಹುಟ್ಟಿತು, ಎಷ್ಟು ಜನ ಇದ್ದಾರೆ ಎಂಬ ಪ್ರಶ್ನೆಗಳು ಇಲ್ಲಿಲ್ಲ. ಅವು ನಿಮ್ಮ ಪಠ್ಯಪುಸ್ತಕದಲ್ಲೇ ಇವೆ. ನಾವು ಹೊರಗಿಂದ ನೋಡಿ ಏನೋ ಅಂದುಕೊಂಡಿರುತ್ತೇವೆ, ಆ ಧರ್ಮದವರನ್ನೇ ಕೇಳಿದರೆ ಬೇರೆ ಹೇಳುತ್ತಾರೆ. ಅಂಥ ಕಡೆಗಳನ್ನೇ ಹುಡುಕಿ ಪ್ರಶ್ನೆ ಮಾಡಿದ್ದೇನೆ.

ಚಿತ್ರ, ವಿಡಿಯೊ ಏನೂ ಹಾಕಿಲ್ಲ. ಒಮ್ಮೆ ತೆರೆದುಕೊಂಡರೆ ನಡುವೆ ನೆಟ್ ಹೋದರೂ ಕ್ವಿಜ್ ನಿಲ್ಲುವುದಿಲ್ಲ.

[ಶುರು ಮಾಡಿ]

ಪ್ರಶ್ನೆ 1
ಅಂಗಡಿಯ ಗಲ್ಲಾಪೆಟ್ಟಿಗೆ ಮೇಲೆ ದೊಡ್ಡ ಹೊಟ್ಟೆ ಬಿಟ್ಟುಕೊಂಡು ನಗುತ್ತಾ ಕೂತಿರುವ 'ಲಾಫಿಂಗ್ ಬುದ್ಧ' ಯಾರು?

ಅ) ಜ್ಞಾನೋದಯಕ್ಕೆ ಮೊದಲಿನ ಸಿದ್ಧಾರ್ಥ
▸ ಅಲ್ಲ. ಜ್ಞಾನೋದಯಕ್ಕೆ ಮೊದಲು ಸಿದ್ಧಾರ್ಥ ಕಠಿಣ ಉಪವಾಸ ಮಾಡಿ ಎಲುಬಿನ ಹಂದರವಾಗಿದ್ದ ಎನ್ನುತ್ತದೆ ಬೌದ್ಧ ಪರಂಪರೆ. ಆ ರೂಪದ ಶಿಲ್ಪಗಳೂ ಇವೆ. ಹೊಟ್ಟೆಯಂತೂ ಇಲ್ಲವೇ ಇಲ್ಲ!

ಆ) ಬುದಾಯ್ ಎಂಬ ಚೀನೀ ಭಿಕ್ಷು
▸ ಸರಿ. ಹೆಗಲಿಗೆ ಬಟ್ಟೆ ಚೀಲ ಹಾಕಿಕೊಂಡು ಊರೂರು ಅಲೆಯುತ್ತಿದ್ದ ಭಿಕ್ಷು ಈತ. 10ನೇ ಶತಮಾನದವನು ಎಂದು ನಂಬಿಕೆ. ಮುಂದೆ ಬರಲಿರುವ ಮೈತ್ರೇಯ ಬುದ್ಧನ ಅವತಾರ ಈತನೇ ಎಂದು ಚೀನಾದಲ್ಲಿ ಹಲವರು ನಂಬುತ್ತಾರೆ. ಗೌತಮ ಬುದ್ಧನಿಗೂ ಈ ಮೂರ್ತಿಗೂ ನೇರ ಸಂಬಂಧ ಇಲ್ಲ.

ಇ) ಕುಬೇರನ ಚೀನೀ ರೂಪ
▸ ಹಣದ ಪೆಟ್ಟಿಗೆ ಪಕ್ಕ ಇಡುವುದರಿಂದ ಹಾಗೆ ಅನ್ನಿಸುವುದು ಸಹಜ. ಕುಬೇರ, ಅಂದರೆ ವೈಶ್ರವಣ, ಚೀನೀ ಬೌದ್ಧರಲ್ಲೂ ಇದ್ದಾನೆ. ಆದರೆ ಅವನು ರಕ್ಷಾಕವಚ ತೊಟ್ಟ ದಿಕ್ಪಾಲಕ, ಈ ನಗುವವನಲ್ಲ.

ಪ್ರಶ್ನೆ 2
ಶ್ರವಣಬೆಳಗೊಳದ ಬಾಹುಬಲಿ ಜೈನರ 24 ತೀರ್ಥಂಕರರಲ್ಲಿ ಒಬ್ಬ. ಸರಿಯೋ ತಪ್ಪೋ?

ಸರಿ
▸ ನೋಡಿ, ಕರ್ನಾಟಕದವರೇ ಇಲ್ಲಿ ಎಡವುತ್ತೇವೆ. ಬಾಹುಬಲಿ ತೀರ್ಥಂಕರ ಅಲ್ಲ. ಮೊದಲ ತೀರ್ಥಂಕರ ವೃಷಭನಾಥನ ಮಗ. ಅಣ್ಣ ಭರತನನ್ನು ಗೆದ್ದ ಮೇಲೆ ರಾಜ್ಯ ಬೇಡವೆಂದು ತಪಸ್ಸಿಗೆ ನಿಂತು ಮೋಕ್ಷ ಪಡೆದವನು.

ತಪ್ಪು
▸ ಹೌದು, ಹೇಳಿಕೆ ತಪ್ಪು. ಮೋಕ್ಷ ಪಡೆದವರೆಲ್ಲ ತೀರ್ಥಂಕರರಲ್ಲ. ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆ ಎಂಬ ನಾಲ್ಕು ಬಗೆಯ ಸಂಘವನ್ನು ಕಟ್ಟಿ, ಬೇರೆಯವರಿಗೂ ದಾಟುವ ದಾರಿ ಮಾಡಿಕೊಟ್ಟವರು ತೀರ್ಥಂಕರರು. ಬಾಹುಬಲಿ ಆ ಕೆಲಸ ಮಾಡಲಿಲ್ಲ, ತಾನು ದಾಟಿದ. ಆದರೂ ಗಂಗರ ಮಂತ್ರಿ ಚಾವುಂಡರಾಯ ಬೆಟ್ಟದ ಮೇಲೆ ಕೆತ್ತಿಸಿದ್ದು ಈತನನ್ನೇ. ಮುಂದೆ 1432ರಲ್ಲಿ ಕಾರ್ಕಳದಲ್ಲಿ, 1604ರಲ್ಲಿ ವೇಣೂರಿನಲ್ಲಿ ನಿಂತದ್ದೂ ಈತನೇ. ಗೆದ್ದು ಬಿಟ್ಟುಕೊಟ್ಟವನ ಮೇಲೆ ನಮ್ಮವರಿಗೆ ಅಷ್ಟು ಪ್ರೀತಿ.

ಪ್ರಶ್ನೆ 3
ರಂಜಾನ್ ಒಂದು ವರ್ಷ ಬೇಸಿಗೆಯಲ್ಲಿ ಬರುತ್ತದೆ, ಕೆಲವು ವರ್ಷ ಕಳೆದರೆ ಮಳೆಗಾಲದಲ್ಲೋ ಚಳಿಗಾಲದಲ್ಲೋ ಬರುತ್ತದೆ. ಯುಗಾದಿ ಮಾತ್ರ ಮಾರ್ಚ್–ಏಪ್ರಿಲ್ ಬಿಟ್ಟು ಕದಲುವುದಿಲ್ಲ. ಎರಡೂ ಚಂದ್ರನ ಲೆಕ್ಕದ್ದೇ ಅಲ್ವಾ, ಮತ್ಯಾಕೆ ಹೀಗೆ?

ಅ) ಪ್ರತಿ ವರ್ಷ ಧರ್ಮಗುರುಗಳು ಸೇರಿ ಹೊಸ ತಿಂಗಳು ಆರಿಸುತ್ತಾರೆ
▸ ಇಲ್ಲ. ಚಂದ್ರ ಕಂಡನೇ ಇಲ್ಲವೇ ಎಂದು ತೀರ್ಮಾನಿಸುವುದು ನಿಜ, ಆದರೆ ಅದರಿಂದ ಒಂದು ದಿನ ಹೆಚ್ಚುಕಡಿಮೆ ಆಗಬಹುದು ಅಷ್ಟೇ. ರಂಜಾನ್ ಯಾವಾಗಲೂ ಇಸ್ಲಾಮೀ ವರ್ಷದ ಒಂಬತ್ತನೇ ತಿಂಗಳೇ.

ಆ) ನಮ್ಮ ಪಂಚಾಂಗದಲ್ಲಿ ಅಧಿಕ ಮಾಸ ಇದೆ, ಇಸ್ಲಾಮೀ ಪಂಚಾಂಗದಲ್ಲಿ ಇಲ್ಲ
▸ ಸರಿ. ಚಂದ್ರನ ಹನ್ನೆರಡು ತಿಂಗಳು ಕೂಡಿಸಿದರೆ ಸುಮಾರು 354 ದಿನ. ಸೂರ್ಯನ ವರ್ಷಕ್ಕಿಂತ 11 ದಿನ ಕಡಿಮೆ. ನಾವು ಸುಮಾರು ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸಿ ಲೆಕ್ಕ ಸರಿ ಮಾಡಿಕೊಳ್ಳುತ್ತೇವೆ. ಯಹೂದಿಗಳೂ ಅಷ್ಟೇ, ಅವರಲ್ಲೂ ಹೆಚ್ಚಿನ ತಿಂಗಳು ಬರುತ್ತದೆ. ಇಸ್ಲಾಮಿನಲ್ಲಿ ಹಾಗೆ ಸೇರಿಸುವಂತಿಲ್ಲ. ಹಾಗಾಗಿ ರಂಜಾನ್ ವರ್ಷಕ್ಕೆ 11 ದಿನ ಹಿಂದೆ ಸರಿಯುತ್ತಾ, ಸುಮಾರು 33 ವರ್ಷದಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಬೇಸಿಗೆಯ ಉದ್ದ ಹಗಲಿನ ಉಪವಾಸ, ಚಳಿಗಾಲದ ಗಿಡ್ಡ ಹಗಲಿನ ಉಪವಾಸ, ಎರಡೂ ಭೂಮಧ್ಯರೇಖೆಯಿಂದ ದೂರ ಇರುವ ಎಲ್ಲ ದೇಶದವರ ಪಾಲಿಗೂ ಬರುತ್ತವೆ.

ಇ) ಅರಬ್ ದೇಶಗಳ ಹವಾಮಾನ ಬೇರೆ
▸ ಹವಾಮಾನಕ್ಕೂ ಇದಕ್ಕೂ ಸಂಬಂಧ ಇಲ್ಲ. ಅಂದ ಹಾಗೆ, ಜಗತ್ತಿನ ಮುಸ್ಲಿಮರಲ್ಲಿ ಹೆಚ್ಚಿನವರು ಅರಬ್ ದೇಶಗಳಲ್ಲಿ ಇಲ್ಲವೇ ಇಲ್ಲ. ಇಂಡೋನೇಷ್ಯಾ, ಪಾಕಿಸ್ತಾನ, ಭಾರತ, ಬಾಂಗ್ಲಾದೇಶ ಸೇರಿಸಿ ನೋಡಿ.

ಪ್ರಶ್ನೆ 4
ಬೆಂಗಳೂರಿನ ಕ್ವೀನ್ಸ್ ರಸ್ತೆಯಲ್ಲಿ ಪಾರ್ಸಿಗಳ ಅಗ್ನಿ ದೇಗುಲ ಇದೆ. ಅಲ್ಲಿ ಉರಿಯುವ ಬೆಂಕಿ ಪಾರ್ಸಿಗಳಿಗೆ ಏನು?

ಅ) ಅದೇ ಅವರ ದೇವರು
▸ ಹೊರಗಿನವರು ಬಹಳ ಕಾಲದಿಂದ ಹೇಳುತ್ತಾ ಬಂದ ಮಾತಿದು. ಪಾರ್ಸಿಗಳು ಒಪ್ಪುವುದಿಲ್ಲ. ಅವರ ದೇವರು ಅಹುರ ಮಜ್ದಾ.

ಆ) ಅಹುರ ಮಜ್ದಾನ ಬೆಳಕಿನ, ಸತ್ಯದ ಗುರುತು
▸ ಸರಿ. ಅದರ ಎದುರು ನಿಂತು ಪ್ರಾರ್ಥಿಸುತ್ತಾರೆ. ಬೆಂಕಿ, ನೀರು, ಮಣ್ಣು ಯಾವುದೂ ಮಲಿನ ಆಗಬಾರದು ಎಂಬ ಎಚ್ಚರ ಅವರಲ್ಲಿ ಬಲವಾಗಿದೆ. ಹೆಣವನ್ನು ಸುಡದೆ, ಹೂಳದೆ ಮೌನ ಗೋಪುರದಲ್ಲಿ ಇಡುವ ಪದ್ಧತಿ ಬಂದದ್ದೂ ಇದರಿಂದಲೇ. ಗುಜರಾತಿನ ಉದ್ವಾಡದ ಅಗ್ನಿ ಭಾರತದ ಪಾರ್ಸಿಗಳಿಗೆ ಎಲ್ಲಕ್ಕಿಂತ ಪವಿತ್ರ.

ಇ) ಹೋಮದ ಬೆಂಕಿಯ ಹಾಗೆ, ಆಹುತಿ ಒಯ್ದು ಮುಟ್ಟಿಸುವ ದೂತ
▸ ಹತ್ತಿರ ಬಂದಿರಿ, ಅರ್ಧ ಅಂಕ. ವೇದ ಮತ್ತು ಪಾರ್ಸಿಗಳ ಧರ್ಮಗ್ರಂಥ ಅವೆಸ್ತಾದ ಭಾಷೆಗಳು ಅಕ್ಕತಂಗಿಯರು, ಆಚರಣೆಗಳಲ್ಲೂ ಹೋಲಿಕೆ ಇದೆ. ಆದರೆ ದೇಗುಲದ ಈ ಅಗ್ನಿ ಹೋಮ ಮುಗಿದ ಮೇಲೆ ಆರುವಂಥದ್ದಲ್ಲ, ಅದನ್ನು ಸದಾ ಉರಿಸುತ್ತಾರೆ.

ಪ್ರಶ್ನೆ 5
ಅಬ್ರಹಾಮನನ್ನು (ಇಬ್ರಾಹಿಂ ಎಂದೂ ಕರೆಯುತ್ತಾರೆ) ಗೌರವಿಸುವ ಧರ್ಮಗಳನ್ನೆಲ್ಲ ಗುರುತು ಮಾಡಿ. ಒಂದಕ್ಕಿಂತ ಹೆಚ್ಚು ಉತ್ತರಗಳಿವೆ.

☐ ಯಹೂದಿ ☐ ಕ್ರೈಸ್ತ ☐ ಇಸ್ಲಾಂ ☐ ಶಿಂಟೋ ☐ ಬಹಾಯಿ

▸ ನಾಲ್ಕನ್ನೂ ಗುರುತಿಸಿದರೆ: ಪೂರ್ತಿ ಅಂಕ. ಶಿಂಟೋ ಬಿಟ್ಟು ಉಳಿದವೆಲ್ಲ ಸರಿ.
▸ ಬಹಾಯಿ ಬಿಟ್ಟಿದ್ದರೆ: ಬಹುತೇಕರು ಬಿಡುವುದು ಇದನ್ನೇ. 19ನೇ ಶತಮಾನದಲ್ಲಿ ಇರಾನಿನಲ್ಲಿ ಹುಟ್ಟಿದ ಧರ್ಮವಿದು, ಸ್ಥಾಪಕ ಬಹಾಉಲ್ಲಾ. ಅಬ್ರಹಾಂ, ಮೋಸೆಸ್, ಯೇಸು, ಮುಹಮ್ಮದ್ ಜೊತೆಗೆ ಕೃಷ್ಣ, ಬುದ್ಧರನ್ನೂ ಒಬ್ಬನೇ ದೇವರ ದೂತರೆಂದು ಒಪ್ಪುತ್ತಾರೆ. ದೆಹಲಿಯ ಕಮಲದ ಆಕಾರದ ದೇಗುಲ ಇವರದ್ದೇ. 1986ರಲ್ಲಿ ತೆರೆಯಿತು.
▸ ಶಿಂಟೋ ಸೇರಿಸಿದ್ದರೆ: ಅದು ಜಪಾನಿನ ನೆಲದ್ದೇ ಧರ್ಮ. ಅಬ್ರಹಾಮನ ಕಥೆ ಅಲ್ಲಿಲ್ಲ.

ಪ್ರಶ್ನೆ 6
ಟೈಪ್ ಮಾಡಿ. 1699ರ ಬೈಸಾಖಿಯಂದು ಆನಂದಪುರ ಸಾಹಿಬ್‌ನಲ್ಲಿ ಗುರು ಗೋವಿಂದ ಸಿಂಗರು ತಲೆ ಕೊಡುವವರು ಯಾರಿದ್ದೀರಿ ಎಂದು ಕೇಳಿದಾಗ ಐವರು ಎದ್ದು ಬಂದರು. ಅವರೇ ಪಂಜ್ ಪ್ಯಾರೆ. ಅವರಲ್ಲಿ ಭಾಯಿ ಸಾಹಿಬ್ ಸಿಂಗ್ ಇಂದಿನ ಕರ್ನಾಟಕದ ಯಾವ ಊರಿನವರು?

(ಬೀದರ್, ಬೀದರ, Bidar, ಹೇಗೆ ಬರೆದರೂ ಸರಿ ಎಂದೇ ತೋರಿಸುತ್ತದೆ. ಉತ್ತರ ಒತ್ತಿದ ಮೇಲೆ ಮಾತ್ರ ಈ ಸಾಲು ಕಾಣುತ್ತದೆ, ಹೆದರಬೇಡಿ.)

▸ ಸರಿ ಬರೆದರೆ: ಹೌದು, ಬೀದರ್. ಅವರು ಕ್ಷೌರಿಕ ಮನೆತನದವರು. ಉಳಿದ ನಾಲ್ವರು ಲಾಹೋರ್, ಹಸ್ತಿನಾಪುರ, ಪುರಿ, ದ್ವಾರಕೆಯವರು ಎನ್ನುತ್ತದೆ ಸಿಖ್ ಪರಂಪರೆ. ಜಾತಿ ಬೇರೆ, ಊರು ಬೇರೆ. ಐವರೂ ಒಂದೇ ಬಟ್ಟಲಿನ ಅಮೃತ ಕುಡಿದರು. ಆಮೇಲೆ ಗುರುಗಳೇ ಅವರ ಮುಂದೆ ನಿಂತು ತಮಗೂ ಕೊಡಿ ಎಂದು ಕೇಳಿ ಕುಡಿದರು. ಇಡೀ ಕ್ವಿಜ್‌ನಲ್ಲಿ ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು.
▸ ಬೇರೆ ಊರು ಬರೆದರೆ: ಒಂದು ಸುಳಿವು. ಗುರು ನಾನಕರ ಹೆಸರಿನ ಝರಿ, ಅದರ ಪಕ್ಕ ಗುರುದ್ವಾರ ಇರುವ ಜಿಲ್ಲಾ ಕೇಂದ್ರ. ಇನ್ನೊಮ್ಮೆ ಬರೆಯಿರಿ.

ಪ್ರಶ್ನೆ 7
ಮಂಗಳೂರು ಕಡೆಯವರೊಬ್ಬರು ಇಸ್ರೇಲಿನಲ್ಲಿ ವಯಸ್ಸಾದವರ ಆರೈಕೆ ಮಾಡುವ ಕೆಲಸದಲ್ಲಿದ್ದಾರೆ. ಶುಕ್ರವಾರ ಕತ್ತಲಾದ ಮೇಲೆ ಆ ಮನೆಯ ಅಜ್ಜಿ ಲೈಟಿನ ಸ್ವಿಚ್ಚನ್ನೂ ಮುಟ್ಟುವುದಿಲ್ಲ. ಏಕೆ?

ಅ) ಶುಕ್ರವಾರ ಉಪವಾಸದ ದಿನ
▸ ಉಲ್ಟಾ! ಅವತ್ತು ಮನೆಯಲ್ಲಿ ವಾರದ ಒಳ್ಳೆಯ ಊಟ.

ಆ) ಸಬ್ಬತ್ ಶುರುವಾಗಿದೆ
▸ ಸರಿ. ಸಬ್ಬತ್ ಎಂದರೆ ಯಹೂದಿಗಳ ವಾರದ ವಿಶ್ರಾಂತಿ ದಿನ. ಶುಕ್ರವಾರ ಸೂರ್ಯ ಮುಳುಗುವಾಗ ಶುರು, ಶನಿವಾರ ನಕ್ಷತ್ರ ಮೂಡಿದ ಮೇಲೆ ಮುಗಿಯುತ್ತದೆ. ಸಬ್ಬತ್ ದಿನ ಬೆಂಕಿ ಹೊತ್ತಿಸಬಾರದು ಎಂದು ಅವರ ಧರ್ಮಗ್ರಂಥ ತೋರಾದಲ್ಲಿದೆ. ಸಂಪ್ರದಾಯ ಪಾಲಿಸುವವರು ವಿದ್ಯುತ್ತಿನ ಸ್ವಿಚ್ಚನ್ನೂ ಮುಟ್ಟುವುದಿಲ್ಲ. ಮೊದಲೇ ಟೈಮರ್ ಇಟ್ಟಿರುತ್ತಾರೆ. ತಾನಾಗಿ ಪ್ರತಿ ಮಹಡಿಯಲ್ಲೂ ನಿಲ್ಲುವ ಲಿಫ್ಟ್‌ಗಳೂ ಅಲ್ಲಿವೆ. ಎಲ್ಲ ಯಹೂದಿಗಳೂ ಇಷ್ಟು ಕಟ್ಟುನಿಟ್ಟಲ್ಲ.

ಇ) ಕತ್ತಲೆಯಲ್ಲಿ ಇರಬೇಕೆಂಬ ನಿಯಮ
▸ ಅಲ್ಲ. ಸೂರ್ಯ ಮುಳುಗುವ ಮುಂಚೆ ದೀಪ ಹಚ್ಚುವುದೇ ಸಬ್ಬತ್ತಿನ ಮೊದಲ ಶಾಸ್ತ್ರ. ಮೊದಲೇ ಉರಿಯುತ್ತಿದ್ದರೆ ತೊಂದರೆ ಇಲ್ಲ, ಆಮೇಲೆ ಹೊಸದಾಗಿ ಹಚ್ಚುವಂತಿಲ್ಲ.

ಪ್ರಶ್ನೆ 8
ವರ್ಷಕ್ಕೆ ಒಂದು ದಿನ ವಿಮಾನ ನಿಲ್ದಾಣವನ್ನೇ ಮುಚ್ಚಿ, ಬೀದಿಗೆ ಯಾರೂ ಇಳಿಯದೆ ಹೊಸ ವರ್ಷ ಆಚರಿಸುವ ಹಿಂದೂಗಳು ಎಲ್ಲಿಯವರು?

ಅ) ನೇಪಾಳ ▸ ಅಲ್ಲ. ಅಲ್ಲಿ ಹೊಸ ವರ್ಷಕ್ಕೆ ತೇರು, ಜಾತ್ರೆ, ಗದ್ದಲ.

ಆ) ಬಾಲಿ ▸ ಸರಿ. ಹಬ್ಬದ ಹೆಸರು ನ್ಯೇಪಿ. ಬೆಂಕಿ, ಕೆಲಸ, ಓಡಾಟ, ಮನರಂಜನೆ ನಾಲ್ಕೂ ಬಂದ್. ಪ್ರವಾಸಿಗರೂ ಹೋಟೆಲಿನ ಒಳಗೇ ಇರಬೇಕು. ಹಿಂದಿನ ದಿನ ಮಾತ್ರ ಭೂತದ ದೊಡ್ಡ ಬೊಂಬೆಗಳನ್ನು ಹೊತ್ತು ಊರೆಲ್ಲ ಗಲಾಟೆ. ಅವರು ಎಣಿಸುವುದು ಶಕ ವರ್ಷ. ನಮ್ಮ ಪಂಚಾಂಗದ ಶಾಲಿವಾಹನ ಶಕೆಯೂ ಅದೇ. ಹಾಗಾಗಿ ನ್ಯೇಪಿ ಹೆಚ್ಚಾಗಿ ಯುಗಾದಿಯ ಆಸುಪಾಸಿನಲ್ಲೇ ಬರುತ್ತದೆ. ನಾವು ಹೋಳಿಗೆ ತಟ್ಟುವ ಹೊತ್ತಿಗೆ ಅವರು ಸುಮ್ನೆ ಕೂತಿರುತ್ತಾರೆ.

ಇ) ಮಾರಿಷಸ್ ▸ ಅಲ್ಲ. ಅಲ್ಲಿನ ಹಿಂದೂಗಳ ದೊಡ್ಡ ಹಬ್ಬ ಶಿವರಾತ್ರಿ. ಲಕ್ಷಾಂತರ ಜನ ಗಂಗಾ ತಲಾವ್ ಕೆರೆಗೆ ನಡೆದೇ ಹೋಗುತ್ತಾರೆ.

ಪ್ರಶ್ನೆ 9
ಇಥಿಯೋಪಿಯದ ಕ್ರೈಸ್ತರು ಸಾಮಾನ್ಯವಾಗಿ ಜನವರಿ 7ಕ್ಕೆ ಕ್ರಿಸ್ಮಸ್ ಮಾಡುತ್ತಾರೆ. ಕಾರಣ?

ಅ) ಯೇಸು ಹುಟ್ಟಿದ ದಿನದ ಬಗ್ಗೆ ಅವರ ಬೈಬಲ್ ಬೇರೆ ಹೇಳುತ್ತದೆ
▸ ಯಾವ ಬೈಬಲ್ಲಿನಲ್ಲೂ ಹುಟ್ಟಿದ ತಾರೀಖು ಇಲ್ಲ. ಡಿಸೆಂಬರ್ 25 ಕೂಡ ಆಮೇಲೆ ಗೊತ್ತು ಮಾಡಿದ್ದು.

ಆ) ಅವರದ್ದು ಹಳೆಯ ಕ್ಯಾಲೆಂಡರ್
▸ ಸರಿ. 1582ರಲ್ಲಿ ಪೋಪ್ ಗ್ರೆಗರಿ ಕ್ಯಾಲೆಂಡರ್ ತಿದ್ದಿದರು. ಪೂರ್ವದ ಹಲವು ಚರ್ಚುಗಳು ಹಬ್ಬಗಳಿಗೆ ಹಳೆಯ ಲೆಕ್ಕವನ್ನೇ ಇಟ್ಟುಕೊಂಡವು. ಈಗ ಎರಡಕ್ಕೂ 13 ದಿನದ ಅಂತರ.

ಇ) ಯುರೋಪಿನವರು ತಡವಾಗಿ ಕಲಿಸಿಕೊಟ್ಟರು
▸ ಖಂಡಿತ ಅಲ್ಲ. ಅಲ್ಲಿನ ಅಕ್ಸುಮ್ ರಾಜ ಎಜಾನಾ 4ನೇ ಶತಮಾನದಲ್ಲೇ ಕ್ರೈಸ್ತನಾಗಿದ್ದ. ಯುರೋಪಿನ ಎಷ್ಟೋ ದೇಶಗಳಿಗಿಂತ ಮೊದಲು.

ಪ್ರಶ್ನೆ 10
ಜಪಾನಿನ ಇಸೆ ದೇಗುಲ ಸಾವಿರ ವರ್ಷಕ್ಕೂ ಹಳೆಯದು. ಅದರ ಈಗಿನ ಮುಖ್ಯ ಕಟ್ಟಡ ಮಾತ್ರ 2013ರದು. ಬೆಂಕಿ ಬಿದ್ದಿತ್ತೇ?

ಹೌದು ▸ ಇಲ್ಲ, ಏನೂ ಆಗಿರಲಿಲ್ಲ.
ಇಲ್ಲ ▸ ಸರಿ. 20 ವರ್ಷಕ್ಕೊಮ್ಮೆ ಪಕ್ಕದ ಜಾಗದಲ್ಲಿ ಅದೇ ಅಳತೆಯಲ್ಲಿ ಹೊಸದಾಗಿ ಕಟ್ಟಿ, ದೇವಿ ಅಮತೆರಾಸುವನ್ನು ಅಲ್ಲಿಗೆ ಕರೆದೊಯ್ಯುತ್ತಾರೆ. ಹಳೆಯ ಮರ ಬೇರೆ ಶಿಂಟೋ ದೇಗುಲಗಳಿಗೆ ಹೋಗುತ್ತದೆ. ಅಜ್ಜ ಬಡಗಿ ಮೊಮ್ಮಗನಿಗೆ ಕೆಲಸ ಕಲಿಸಲು 20 ವರ್ಷ ಸರಿಯಾದ ಅವಧಿ ಅಲ್ವಾ? ಮುಂದಿನದು 2033ಕ್ಕೆ.

[ಅಂಕ ನೋಡಿ]

8ರಿಂದ 10: ಚೆನ್ನಾಗಿ ಓದಿಕೊಂಡಿದ್ದೀರಿ. ಆದರೂ 2, 4ರ ತಪ್ಪು ಉತ್ತರಗಳ ವಿವರಣೆ ಓದದೆ ಮುಚ್ಚಬೇಡಿ.
5ರಿಂದ 7: ತಪ್ಪಾದ ಪ್ರಶ್ನೆಗಳು ಮಾತ್ರ ಮತ್ತೆ ಬರುತ್ತವೆ. ಆಯ್ಕೆಗಳ ಕ್ರಮ ಬದಲಾಗಿರುತ್ತದೆ.
4 ಅಥವಾ ಕಡಿಮೆ: ಬೇಜಾರು ಬೇಡ, ಈ ಅಂಕ ಪರೀಕ್ಷೆಗೆ ಸೇರುವುದಿಲ್ಲ. ಎಲ್ಲ ವಿವರಣೆಗಳನ್ನೂ ಒಟ್ಟಿಗೆ ಓದಲು ಕೆಳಗಿನ ಬಟನ್ ಒತ್ತಿ.

ನಿಮ್ಮ ಧರ್ಮದ ಬಗ್ಗೆ ಇಲ್ಲಿ ಬರೆದದ್ದು ನಿಮ್ಮ ಮನೆಯ ರೂಢಿಗೆ ಹೊಂದದಿದ್ದರೆ ಭಾನುವಾರದ ಆನ್‌ಲೈನ್ ತರಗತಿಯಲ್ಲಿ ಹೇಳಿ. ವಿವರಣೆಗೆ ಅದನ್ನೂ ಸೇರಿಸುತ್ತೇನೆ.

[ತಪ್ಪಾದವು ಮತ್ತೊಮ್ಮೆ]  [ಎಲ್ಲ ವಿವರಣೆ ಓದಿ]