ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದರೂ ಆಟಿಸಂ ಇರಬಹುದು: ವಯಸ್ಕ ಮಹಿಳೆಯರಲ್ಲಿ ನಾವು ಎಡವುವುದು ಎಲ್ಲಿ?

34 ವರ್ಷದ ಶಿಕ್ಷಕಿ. ಮದುವೆಯಾಗಿದೆ, ನಗುನಗುತ್ತಾ ಮಾತಾಡುತ್ತಾರೆ. ವರ್ಷಗಟ್ಟಲೆ ಖಿನ್ನತೆಗೆ, ಆತಂಕಕ್ಕೆ ಮಾತ್ರೆ ನುಂಗಿದ್ದಾರೆ, ಮಧ್ಯೆ ಒಮ್ಮೆ ಬೈಪೋಲಾರ್ ಅಂತಲೂ ಫೈಲಿನಲ್ಲಿ ಬರೆದಾಗಿದೆ. ಇಂಥವರು ಎದುರಿಗೆ ಕೂತಾಗ ಆಟಿಸಂ ನಮಗೆ ಹೊಳೆಯುವುದೇ ಇಲ್ಲ. ನಮ್ಮ ತಲೆಯಲ್ಲಿರುವ ಚಿತ್ರ ಹುಡುಗರದ್ದು ಅಲ್ವಾ? 1943ರಲ್ಲಿ ಮನೋವೈದ್ಯ ಕ್ಯಾನರ್ ಆಟಿಸಂ ಬಗ್ಗೆ ಬರೆದಾಗ ವಿವರಿಸಿದ 11 ಮಕ್ಕಳಲ್ಲಿ 8 ಜನ ಹುಡುಗರು. ಮರುವರ್ಷ ವೈದ್ಯ ಆಸ್ಪರ್ಗರ್ ವಿವರಿಸಿದ ನಾಲ್ವರೂ ಹುಡುಗರೇ.

ಇಲ್ಲಿ ಕೇಳಬೇಕಾದದ್ದು "ಜನರ ಜೊತೆ ಬೆರೀತೀರಾ?" ಎಂದಲ್ಲ, "ಬೆರೆಯೋಕೆ ಏನೇನು ಮಾಡ್ತೀರಾ, ಆಮೇಲೆ ಹೇಗಿರ್ತೀರಾ?" ಎಂದು. ಆಗ ಬೇರೆಯೇ ಕಥೆ ಹೊರಬರುತ್ತದೆ. ಫೋನ್ ಮಾಡುವ ಮೊದಲು "ಹಲೋ"ದಿಂದ ಹಿಡಿದು ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ. ಕಣ್ಣು ನೋಡಲಾಗದೆ ಹುಬ್ಬುಗಳ ನಡುವೆ ನೋಡುತ್ತಾರೆ. ಸಹೋದ್ಯೋಗಿಯ ನಗು, ಕೈ ಆಡಿಸುವ ರೀತಿ ಎಲ್ಲ ನಕಲು ಮಾಡಿ ಕಲಿತಿದ್ದಾರೆ. ಮನೆಗೆ ಬಂದ ಮೇಲೆ ಲೈಟ್ ಆರಿಸಿ ಮಲಗಿಬಿಡುತ್ತಾರೆ, ಗಂಟೆಗಟ್ಟಲೆ ಮಾತೇ ಹೊರಡುವುದಿಲ್ಲ. ಇದನ್ನು ಸುಮ್ನೆ ಸುಸ್ತು ಅಂತ ಬರೆದುಕೊಂಡರೆ ಇಡೀ ವಿಷಯವೇ ಕೈಬಿಟ್ಟು ಹೋಗುತ್ತದೆ.

ಎಡವುವ ಜಾಗಗಳು ಹಲವು. ಆಟಿಸಂ ಗುರುತಿಸಲು ಬಳಸುವ ಎಡಾಸ್-2 ಪರೀಕ್ಷೆ ಮುಗಿಯಲು ಸುಮಾರು ಒಂದು ಗಂಟೆ ಬೇಕು, ಅಷ್ಟು ಹೊತ್ತು ಮುಖವಾಡ ಹೊತ್ತು ಕೂರುವುದು ಇವರಿಗೆ ರೂಢಿಯಾಗಿದೆ. ಹಾಗಾಗಿ ಅಂಕ ಕಡಿಮೆ ಬಂತೆಂದು ಅಲ್ಲಿಗೇ ನಿಲ್ಲಿಸಬೇಡಿ. ಆಸಕ್ತಿಯ ವಿಷಯವೂ ದಾರಿ ತಪ್ಪಿಸುತ್ತದೆ: ಕಾದಂಬರಿ, ಪ್ರಾಣಿ, ಯಾರೋ ಗಾಯಕಿ ಎಂದರೆ ಸಾಮಾನ್ಯ ಅನಿಸುತ್ತದೆ, ನೋಡಬೇಕಾದದ್ದು ಅದು ಎಷ್ಟು ತೀವ್ರ ಎಂಬುದನ್ನು. ತಾಯಿ "ಒಳ್ಳೇ ಹುಡುಗಿ, ಗಲಾಟೆನೇ ಇರ್ಲಿಲ್ಲ" ಎನ್ನುತ್ತಾರೆ. ಆಟದಲ್ಲಿ ಯಾರ ಹಿಂದೆ ಓಡಾಡುತ್ತಿದ್ದಳು, ಬಟ್ಟೆಯ ಲೇಬಲ್ ಚುಚ್ಚುತ್ತಿತ್ತಾ, ಪ್ಲಾನ್ ಬದಲಾದರೆ ಏನಾಗುತ್ತಿತ್ತು ಎಂದು ಬಿಡಿಸಿ ಕೇಳಿ. ಕಲಿತ ತಂತ್ರಗಳಿಂದ ಲಕ್ಷಣಗಳು ಮರೆಯಾಗಿರಬಹುದು ಎಂದು ಮಾನಸಿಕ ಕಾಯಿಲೆಗಳ ರೋಗನಿರ್ಣಯ ಕೈಪಿಡಿಯಾದ 2013ರ ಡಿಎಸ್ಎಂ-5 ತಾನೇ ಹೇಳುತ್ತದೆ.

ಬಾರ್ಡರ್‌ಲೈನ್ ಪರ್ಸನಾಲಿಟಿ ಎಂಬ ಹಣೆಪಟ್ಟಿ ಬಗ್ಗೆ ಜಾಸ್ತಿ ಹುಷಾರಾಗಿರಬೇಕು. ಸಿಟ್ಟು, ಅಳು, ತನಗೆ ತಾನೇ ಗಾಯ ಮಾಡಿಕೊಳ್ಳುವುದು ಇದರಲ್ಲೂ ಆಟಿಸಂನಲ್ಲೂ ಕಾಣಬಹುದು. ಕೈಬಿಟ್ಟು ಹೋಗುತ್ತಾರೆಂಬ ಭಯದಿಂದ ಹೊತ್ತಿಕೊಳ್ಳುತ್ತದೋ, ಸದ್ದು, ಜನಜಂಗುಳಿ, ಹಠಾತ್ ಬದಲಾವಣೆಯಿಂದಲೋ ನೋಡಿ. ಮೊದಲನೆಯದು ಬಾರ್ಡರ್‌ಲೈನ್ ಕಡೆ, ಎರಡನೆಯದು ಆಟಿಸಂ ಕಡೆ ಬೆರಳು ತೋರಿಸುತ್ತದೆ. ಎರಡೂ ಒಟ್ಟಿಗೆ ಇರುವವರೂ ಇದ್ದಾರೆ. ಹಾಗೆಯೇ ಮುಖವಾಡ ಹಾಕುವವರೆಲ್ಲ ಆಟಿಸ್ಟಿಕ್ ಅಲ್ಲ, ಸಾಮಾಜಿಕ ಆತಂಕ ಇರುವವರೂ ಹಾಕುತ್ತಾರೆ. 25 ಪ್ರಶ್ನೆಗಳ ಕ್ಯಾಟ್-ಕ್ಯೂ ಮರೆಮಾಚುವಿಕೆಯನ್ನು ಅಳೆಯುತ್ತದೆ ಅಷ್ಟೇ, ಆಟಿಸಂ ಇದೆಯೋ ಇಲ್ಲವೋ ಹೇಳುವುದಿಲ್ಲ. ಬಾಲ್ಯದಿಂದಲೇ ಸುಳಿವು ಸಿಗಬೇಕು.

ಒಂದು ಮಾತು ಬಿಡುವ ಹಾಗಿಲ್ಲ. ಮರೆಮಾಚುವಿಕೆಗೂ ಆತ್ಮಹತ್ಯೆಯ ಯೋಚನೆಗೂ ನಂಟಿರುವುದನ್ನು ಅಧ್ಯಯನಗಳು ತೋರಿಸಿವೆ. ಇವರು ಅದನ್ನು ನಗುಮುಖದಲ್ಲೇ ಹೇಳಬಹುದು, ಹೇಳದೆಯೂ ಇರಬಹುದು. ಮುಖ ನೋಡಿ ಅಂದಾಜು ಮಾಡಬೇಡಿ, ನೇರವಾಗಿ ಕೇಳಿ.