ಶರಣೂಗ, ಲೆಕ್ಕ ಸಮೇತ

ಕಲಬುರಗಿ
ಜನವರಿ 18, 2026

ದೋಸ್ತ ಶರಣು,

ಫೋನಿನಾಗ ಹೇಳಬೇಕಂತ ಮೂರು ಸಲ ನಂಬರ್ ಒತ್ತಿ ಇಟ್ಟುಬಿಟ್ಟೆ. ನಿನ್ನ ದನಿ ಕೇಳಿದ್ರ ಮತ್ತೊಂದು ಸುಳ್ಳು ಹೇಳ್ತೀನಿ ಅಂತ ನನಗ ಗೊತ್ತು, ಅದಕ್ಕ ಬರಿಯಾಕತ್ತೀನಿ. ನಿಮ್ಮೂರಿನಿಂದ ತೊಗರಿ ಹೇರ್ಕೊಂಡು ಬರೋ ಟೆಂಪೋದವನ ಕೈಯಾಗ ಕಳಸ್ತೀನಿ. ಒಬ್ಬನೇ ಇದ್ದಾಗ ಓದು. ಆಮ್ಯಾಲ ವೈನಿಗೂ ತೋರಸು, ಅವರಿಂದ ಮುಚ್ಚಿಡಬ್ಯಾಡ.

ಮೊದಲ ಗೊಬ್ಬರದ ಅಂಗಡಿ ಮಾತು. ಹ್ವಾದ ವರ್ಷ ಏಪ್ರಿಲ್‌ದಾಗ ನೀ ಉದ್ರಿ ತೀರಸಾಕ ಅಂತ ನನ್ನ ಕೈಯಾಗ 28,000 ಕೊಟ್ಟಿದ್ದಿ. ಅದು ಅಂಗಡಿ ಮುಟ್ಟಲೇ ಇಲ್ಲ. ಡಿಸೆಂಬರಿನಾಗ ಅಂಗಡ್ಯಾವ ನಿನಗ ಫೋನ್ ಮಾಡಿ ಬಾಕಿ ಕೇಳ್ದ, ನೀ ನನಗ ಕೇಳಿದಿ, ನಾ ಏನಂದೆ? 'ಅವನ ಖಾತೆ ಪುಸ್ತಕದಾಗ ಏನೋ ಘೋಟಾಳಾ ಆಗ್ಯಾದ, ನಾ ನೋಡ್ತೀನಿ ಬಿಡು' ಅಂದೆ. ನೀ ನನ್ನ ಮಾತು ನಂಬಿ ಅವನ ಜೋಡಿ ಜಗಳಾಡಿದಿ, ಕಳ್ಳ ಅಂತ ಬೈದಿ. ಕಳ್ಳ ನಾನಿದ್ದೆ. ಆ 28,000 ಒಂದು ಶನಿವಾರ ರಾತ್ರಿ ಹನ್ನೊಂದರಿಂದ ಬೆಳಗಿನ ನಾಕರ ತನಕ ಫೋನಿನ ರಮ್ಮಿ ಒಳಗ ಹೋತು. ಗೌರಿ ಮಗಳನ್ನ ಮಗ್ಗಲಕ ಹಾಕ್ಕೊಂಡು ಮಲಗಿದ್ಳು, ನಾ ಬಚ್ಚಲದಾಗ ಬಕೆಟ್ ಬೋರಲ ಹಾಕಿ ಅದರ ಮ್ಯಾಲ ಕುಂತು ಆಡಿದೆ. ನಾಕರ ಹೊತ್ತಿಗೆ ಖಾತೆದಾಗ 140 ರೂಪಾಯಿ ಉಳಿದಿತ್ತು. ಅದನ್ನೂ ಹಾಕಿದೆ.

ಉಳಿದದ್ದೂ ಕೇಳು. 2023ರ ಜೂನಿನಾಗ ಮಗಳ ಶಾಲಿ ಫೀಸಂತ 25,000 ತಗೊಂಡೆ. ಫೀಸು ಆಗಲೇ ಗೌರಿ ಬ್ಲೌಸ್ ಹೊಲಿದ ರೊಕ್ಕದಾಗ ಕಟ್ಟಿದ್ಳು. 2024ರ ಜನವರಿಯಾಗ ಅವ್ವನ ಕಣ್ಣಿನ ಆಪರೇಶನ್ ಅಂತ 50,000. ಆಪರೇಶನ್ ಆಗಿದ್ದು ಖರೆ, ಆದ್ರ ಅದು ಕ್ಯಾಂಪಿನಾಗ ಪುಕ್ಕಟೆ ಆತು. ಕರೀ ಕನ್ನಡಕವೊಂದೇ ನಾ ಕೊಂಡಿದ್ದು, ಇನ್ನೂರು ರೂಪಾಯಿ. ನೀ ಸೀತಾಫಲ ತಗೊಂಡು ಅವ್ವನ್ನ ನೋಡಾಕ ಬಂದಾಗ ಅಕಿ 'ಎಷ್ಟು ಛಲೋ ಡಾಕ್ಟರ್, ಒಂದು ರೂಪಾಯಿ ತಗೊಳ್ಳಿಲ್ಲಪಾ' ಅಂದ್ಳು, ನೆನಪದ ಏನು? ನೀ ನನ್ನ ಮುಖ ನೋಡಿ ಸುಮ್ಮನಾದಿ. ಇವತ್ತಿನ ತನಕ ಒಂದು ಮಾತು ಕೇಳಿಲ್ಲ. ನಿನಗ ಆವತ್ತೇ ಗೊತ್ತಾತು ಅಂತ ನನಗ ಅನಸ್ತದ. ಅದೇ ವರ್ಷ ಮೇದಾಗ ಮನಿ ಮಾಲೀಕ ಅಡ್ವಾನ್ಸ್ ಹೆಚ್ಚ ಕೇಳ್ಯಾನ ಅಂತ 35,000.

ಒಟ್ಟು 1,38,000. ಅದರಾಗ 2024ರ ದೀಪಾವಳಿಗೆ 10,000 ವಾಪಸ್ ಕೊಟ್ಟಿದ್ದೆ. ನೀ 'ಇಷ್ಟು ಲಗು ಯಾಕೋ' ಅಂದಿ. ಅದು ಪಗಾರಿನ ರೊಕ್ಕ ಅಲ್ಲ, ಹಿಂದಿನ ರಾತ್ರಿ ಗೆದ್ದದ್ದು. ಮುಂದ ದೊಡ್ಡದು ಕೇಳಾಕ ನಂಬಿಕಿ ಇರಲಿ ಅಂತ ಕೊಟ್ಟಿದ್ದೆ. ಗಂಜಿನಾಗ ಹಗಲೆಲ್ಲ ಅಡತಿ ಅಂಗಡ್ಯಾಗ ಕುಂತು ರೈತರ ಚೀಲ, ತೂಕ, ಹಮಾಲಿ ಒಂದು ರೂಪಾಯಿ ತಪ್ಪದಂಗ ಬರಿಯೋ ಗುಮಾಸ್ತ ನಾ. ನನ್ನ ಲೆಕ್ಕ ಮೂರು ವರ್ಷ ಬರದೇ ಇಲ್ಲ.

ಹ್ವಾದ ಆಗಸ್ಟಿನಾಗ ಕೇಂದ್ರದ ಕಾನೂನು ಬಂದು ರೊಕ್ಕದ ಆನ್‌ಲೈನ್ ಆಟ ಬಂದ್ ಆದ್ವು. ಅದರಿಂದ ಬಿಟ್ಟೆ ಅಂದ್ರ ಅದೂ ಸುಳ್ಳಾಗ್ತದ. ಎರಡೇ ವಾರದಾಗ ಓಸಿ ಚೀಟಿ ಬರಿಯೋನ ಹತ್ರ ನಿಂತಿದ್ದೆ. ಸೆಪ್ಟೆಂಬರಿನಾಗ ಭೀಮಾ ಏರಿ ನಿನ್ನ ಹೊಲದಾಗ ನೀರು ನಿಂತಾಗ ನೀ 'ಒಂದು ಹತ್ತು ಸಾವಿರ ಆದ್ರೂ ನೋಡೋ' ಅಂದಿ. 'ಮುಂದಿನ ತಿಂಗಳು' ಅಂದೆ. ಆವತ್ತು ನನ್ನ ಕಿಸೆದಾಗ 3,000 ಇತ್ತು. ಸಂಜಿಗೆ ಇರಲಿಲ್ಲ.

ದೀಪಾವಳಿ ಹಿಂದಿನ ದಿನ ಗೌರಿ ತನ್ನ ಕಿವಿ ಬೆಂಡವಾಲಿ ಡಬ್ಬಿ ತೆರದು ನೋಡಿದ್ಳು. ಅದನ್ನ ಬರಿಯಾಕ ಕೈ ಬರವಲ್ದು. ಅಕಿ ಅಳಲಿಲ್ಲ, ಮನಸ್ಸಿನ ಆರೋಗ್ಯದ ಸಹಾಯವಾಣಿ 14416ಕ್ಕ ಫೋನ್ ಹಚ್ಚಿ ನನ್ನ ಕೈಯಾಗ ಕೊಟ್ಳು. ಆ ಕಡಿ ಹೆಣಮಗಳು ಕನ್ನಡದಾಗೇ ಮಾತಾಡಿದ್ಳು, ಬೈಲಿಲ್ಲ. ಆಮ್ಯಾಲ ಸರಕಾರಿ ದವಾಖಾನಿಗೆ ಹೋಗಾಕತ್ತೀನಿ. ಡಾಕ್ಟರ್ ಹೇಳಿದ್ದು ಒಂದು ಮಾತು ತಲಿಯಾಗ ಕುಂತದ: 'ಸೋತಿದ್ದನ್ನ ಆಡಿ ವಾಪಸ್ ತರ್ತೀನಿ ಅನ್ನೋದೇ ನಿಮ್ಮ ರೋಗ.' ಈಗ ಎಟಿಎಂ ಕಾರ್ಡು, ಪಾಸ್‌ಬುಕ್ ಗೌರಿ ಹತ್ರ ಅವ. ನನ್ನ ಕೈಯಾಗ ಬಟನ್ ಫೋನು. ಪೂರ್ತಿ ಆರಾಮಾಗೀನಿ ಅನ್ನಂಗಿಲ್ಲ. ಡಿಸೆಂಬರಿನಾಗ ಒಂದು ಸಲ ಕಾಲು ಜಾರಿ 200 ರೂಪಾಯಿ ಓಸಿ ಹಚ್ಚಿದೆ, ರಾತ್ರಿ ಗೌರಿ ಮುಂದ ಹೇಳ್ದೆ. ಎಳ್ಳಮಾಸಿಗೆ ನೀ ಮೂರು ಸಲ ಕರದ್ರೂ ಹೊಲಕ್ಕ ಬರಲಿಲ್ಲಲ್ಲ, ಅದು ಅದೇ ವಾರ. ವೈನಿ ಮಾಡಿದ ಭಜ್ಜಿ, ಸಜ್ಜಿ ರೊಟ್ಟಿ ಉಂಡು ನಿನ್ನ ಕಣ್ಣು ನೋಡೋ ಧೈರ್ಯ ಇರಲಿಲ್ಲ.

ಈಗ ರೊಕ್ಕ. ಗಾಡಿ ಮಾರಿದೆ, 31,000 ಬಂತು. ಸೋಮವಾರ ಗೊಬ್ಬರದ ಅಂಗಡಿಗೆ ಹೋಗಿ 28,000 ಕಟ್ಟೀನಿ. ಬಡ್ಡಿ ಅಂತ 1,700 ಕೇಳ್ದ, ಅದೂ ನಾನೇ ಕೊಟ್ಟೀನಿ, ನಿನ್ನ ಲೆಕ್ಕಕ್ಕ ಬರಂಗಿಲ್ಲ. ತಪ್ಪು ನಂದು ಅಂತ ಅವನ ಮುಂದ ಹೇಳೀನಿ. ನೀನೂ ಅವನಿಗೊಂದು ಫೋನ್ ಮಾಡು, ಬೈದಿದ್ದು ಅವನ ಮನಸ್ಸಿನಾಗ ಕುಂತದ.

ಉಳದದ್ದು ಸರಿಯಾಗಿ 1,00,000. ಪಗಾರ 17,000, ಅದರಾಗ ಸಾವಕಾರ್ರು ಹಳೇ ಮುಂಗಡಕ್ಕ ತಿಂಗಳಿಗೆ 2,000 ಮುರಕೋತಾರ, ಮನಿ ಬಾಡಗಿ 4,500. ಗೌರಿಗೆ ಬರೋ ಗೃಹಲಕ್ಷ್ಮಿ 2,000 ಮುಟ್ಟಂಗಿಲ್ಲ ಅಂತ ಅಕಿ ಮೊದಲೇ ಹೇಳ್ಯಾಳ, ಅದು ಮಗಳಿಗೆ. ಇದೆಲ್ಲ ಕೂಡಿಸಿ ಕಳದು ಇಬ್ಬರೂ ಕುಂತು ಹಿಂಗ ಹಚ್ಚೀವಿ:

ಬರೋ ಫೆಬ್ರವರಿ 7ರಿಂದ 2027ರ ಜನವರಿ 7ರ ತನಕ, ಪ್ರತಿ ತಿಂಗಳು 7ನೇ ತಾರೀಖಿಗೆ 4,000. ಹನ್ನೆರಡು ಕಂತು, 48,000.
ಈ ವರ್ಷ ದೀಪಾವಳಿಗೆ ಬರೋ ಬೋನಸ್ ಪೂರ್ತಿ, 8,000.
ಸಾವಕಾರ್ರ ಮುಂಗಡ ಮುಂದಿನ ಜನವರಿಗೆ ತೀರ್ತದ. ಆ 2,000 ಸೇರಿಸಿ 2027ರ ಫೆಬ್ರವರಿಯಿಂದ ಆಗಸ್ಟ್ ತನಕ ತಿಂಗಳಿಗೆ 6,000. ಏಳು ಕಂತು, 42,000.
ಕಡೀದು 2,000, ಸೆಪ್ಟೆಂಬರ್ 7, 2027ಕ್ಕ.

ಬೋನಸ್ ಕಮ್ಮಿ ಬಂದ್ರ ಎಷ್ಟು ಕಮ್ಮಿಯೋ ಅಷ್ಟನ್ನ ಕಡೀ ಕಂತಿಗೆ ಹಚ್ಚು. ಗೌರಿ ತನ್ನ ಫೋನಿನಿಂದ ವೈನಿ ನಂಬರಿಗೆ ಹಾಕ್ತಾಳ, ನನ್ನ ಕೈ ಮುಟ್ಟಂಗಿಲ್ಲ. 8ನೇ ತಾರೀಖಿಗೆ ಬರಲಿಲ್ಲಂದ್ರ ನನಗ ಕೇಳಬ್ಯಾಡ, ಗೌರಿಗೇ ಫೋನ್ ಮಾಡು. ನನಗ ಕೇಳಿದ್ರ ನಾ ಕಥಿ ಕಟ್ಟಬಹುದು. ಸಂಬಂಧದಾಗ ಸಂಕೋಚ ಬ್ಯಾಡ, ಬೇಕಾದ್ರ ಬೈ. 'ಇರಲಿ ಬಿಡೋ, ಆದಾಗ ಕೊಡು' ಅಂತ ಮಾತ್ರ ಅನಬ್ಯಾಡ. ಆ ಮಾತು ಸಾಲ ಕೊಟ್ಟಷ್ಟೇ ಕೆಟ್ಟದ್ದು ನನಗ.

ಇನ್ನೊಂದು. ನಾ ಯಾವ ಕಾರಣ ಹೇಳಿ ಕೇಳಿದ್ರೂ, ಅಳಕೋತ ಕೇಳಿದ್ರೂ, ಅವ್ವ ದವಾಖಾನ್ಯಾಗ ಅದಾಳ ಅಂದ್ರೂ ನನಗ ರೊಕ್ಕ ಕೊಡಬ್ಯಾಡ. ಖರೇ ಅದಾಳೋ ಇಲ್ಲೋ ಅಂತ ಗೌರಿಗೆ ಕೇಳಿ, ದವಾಖಾನ್ಯಾಗೇ ಕಟ್ಟು. ಯಾರದೇ ರೊಕ್ಕ ನನ್ನ ಕೈಯಾಗ ಕೊಟ್ಟು ಕಳಸಬ್ಯಾಡ. ಗಂಜಿಗೆ ನಿನ್ನ ತೊಗರಿ ಬಂದ್ರೂ ಚೀಟಿ ಸಾವಕಾರ್ರ ಮಗ ಬರೀಲಿ, ಅವನಿಗೆ ಹೇಳೀನಿ.

ಶರಣಬಸವೇಶ್ವರ ಜಾತ್ರಿಗೆ ಬಂದ್ರ ಮನಿಗೆ ಬಾ ಅನ್ನೋ ಅಧಿಕಾರ ನನಗ ಸದ್ಯಕ್ಕಿಲ್ಲ. ಬರಬೇಕನಿಸಿದ್ರ ಬಾ. ಅವ್ವ ನಿನ್ನ ಕೇಳತಿರ್ತಾಳ. ಅಕಿಗೆ ಇದ್ಯಾವುದೂ ಗೊತ್ತಿಲ್ಲ. ಹೇಳಬೇಕು, ಅದು ನನ್ನ ಮುಂದಿನ ಕೆಲಸ.

ಅಂಗಡಿ ರಶೀದಿ ಇದರಾಗ ಪಿನ್ ಹಚ್ಚೀನಿ. ಅದರಾಗ ನಿನ್ನ ಹೆಸರು ಶರಣಪ್ಪ ಅಂತ ಬರದಾನ, ನಡುವಿನ 'ಬಸ' ಬಿಟ್ಟಾನ. ಫೋನ್ ಮಾಡಿದಾಗ ಅದನ್ನೂ ತಿದ್ದಿಸ್ಕೋ.

ನಿನ್ನ
ಬಸು