ಚಿತ್ರಾಧಾರಿತ ಪ್ರಶ್ನೆಗಳು: ಬಟಾಡ್‌ನ ಮೆಟ್ಟಿಲು ಗದ್ದೆಗಳು

9ನೇ ತರಗತಿ, ಸಮಾಜ ವಿಜ್ಞಾನ, ಕಿರು ಪರೀಕ್ಷೆ
ಅಂಕ: 15, ಅವಧಿ: 35 ನಿಮಿಷ

ಝೆರಾಕ್ಸ್‌ನಲ್ಲಿ ಫೋಟೊ ಕಪ್ಪು ಮುದ್ದೆಯಾಗಿ ಬಂದದ್ದರಿಂದ ಅದರಲ್ಲಿರುವುದನ್ನು ಬರೆದು ಕೊಟ್ಟಿದೆ. ಎರಡು ಸಲ ಓದಿ ಉತ್ತರಿಸಿರಿ.

ಚಿತ್ರ: ಫಿಲಿಪ್ಪೀನ್ಸ್‌ನ ಲುಜಾನ್ ದ್ವೀಪದ ಇಫುಗಾವೊ ಪ್ರಾಂತ್ಯದಲ್ಲಿರುವ ಬಟಾಡ್ ಗ್ರಾಮ. ಗುಡ್ಡದ ಮೈ ಬಟ್ಟಲಿನಂತೆ ಒಳಗೆ ಬಾಗಿದೆ. ಅದರ ತುಂಬ ಕಲ್ಲಿನ ಕಟ್ಟೆಗಳ ಮೇಲೆ ಕಿರಿದಾದ ಗದ್ದೆಗಳು. ನಿಂತ ನೀರಿನಲ್ಲಿ ಮೋಡ ಕಾಣುತ್ತಿದೆ. ನೆತ್ತಿಯಲ್ಲಿ ದಟ್ಟ ಕಾಡು. ಬಟ್ಟಲಿನ ತಳದಲ್ಲಿ ಊರು. ಹೆಚ್ಚಿನ ಮನೆಗಳಿಗೆ ತಗಡಿನ ಮಾಡು. ಮುಂಭಾಗದ ಹುಲ್ಲಿನ ಮನೆಯೊಂದು ನಾಲ್ಕು ಮರದ ಕಂಬಗಳ ಮೇಲಿದೆ. ಪ್ರತಿ ಕಂಬದ ಮೇಲ್ತುದಿಯ ಬಳಿ ದಪ್ಪನೆಯ ದುಂಡು ಮರದ ಬಿಲ್ಲೆ. ಬಲಗಡೆ ಕುಸಿದ ಕಟ್ಟೆ. ಅಲ್ಲಿ ನೀರಿಲ್ಲ, ಹುಲ್ಲು ಬೆಳೆದಿದೆ. ಮೋಟಾರು ರಸ್ತೆ ಎಲ್ಲಿಯೂ ಕಾಣುವುದಿಲ್ಲ.

ಪ್ರಶ್ನೆಗಳು

1. ಗದ್ದೆಯ ಅಂಚುಗಳು ನೇರವಾಗಿರದೆ ಗುಡ್ಡದ ಜೊತೆ ಬಾಗಿವೆ. ಏಕೆ? (2)
2. ನೆತ್ತಿಯ ಕಾಡನ್ನು ಕಡಿದರೆ ಗದ್ದೆಗಳಿಗೆ ಏನಾಗುತ್ತದೆ? ಹಂತಹಂತವಾಗಿ ಬರೆಯಿರಿ. (5)
3. ಕಂಬದ ಬಿಲ್ಲೆಯ ಉಪಯೋಗವನ್ನು ಊಹಿಸಿ, ಊಹೆಗೆ ಕಾರಣ ಕೊಡಿ. (3)
4. ಬಟಾಡ್ ಸೇರಿದಂತೆ ಈ ಪ್ರದೇಶದ ಭತ್ತದ ಗದ್ದೆಗಳು 1995ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. 2001ರಿಂದ 2012ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿದ್ದವು. ಕುಸಿದ ಕಟ್ಟೆಯನ್ನು ಯಾರೂ ಎತ್ತಿ ಕಟ್ಟದಿರಲು ಎರಡು ಕಾರಣಗಳನ್ನು ವಿವರಿಸಿರಿ. ಚಿತ್ರದಲ್ಲಿ ಕಂಡದ್ದು ಯಾವುದು, ನೀವು ಊಹಿಸಿದ್ದು ಯಾವುದು ಎಂದು ಬೇರೆಯಾಗಿ ತಿಳಿಸಿರಿ. (5)

ಅಂಕ ನೀಡುವ ಕ್ರಮ (ಮೌಲ್ಯಮಾಪಕರಿಗೆ ಮಾತ್ರ)

1. ಅಂಚು ಒಂದೇ ಎತ್ತರವನ್ನು ಹಿಡಿದು ಸಾಗುತ್ತದೆ: 1. ಹಾಗಾಗಿ ಗದ್ದೆಯಲ್ಲಿ ನೀರು ಸಮನಾಗಿ ನಿಲ್ಲುತ್ತದೆ: 1. ‘ಸಮೋನ್ನತಿ ರೇಖೆ’ ಎಂಬ ಪದವನ್ನಷ್ಟೇ ಬರೆದು ಬಿಟ್ಟವರಿಗೆ ಒಂದೇ ಅಂಕ.

2. ಕಾಡು ಮಳೆನೀರನ್ನು ಹಿಡಿದಿಡುತ್ತದೆ. ಅದೇ ಒರತೆಯಾಗಿ ಕಾಲುವೆಗೆ ಬರುತ್ತದೆ. ಮೇಲಿನ ಗದ್ದೆ ತುಂಬಿ ಕೆಳಗಿನದಕ್ಕೆ ಇಳಿಯುತ್ತದೆ. ಮರ ಹೋದರೆ ಮಣ್ಣು ಜಾರುತ್ತದೆ. ಕೊನೆಗೆ ಕಟ್ಟೆ ಒಡೆಯುತ್ತದೆ. ಕೊಂಡಿಗೆ ಒಂದೊಂದು ಅಂಕ. ಕ್ರಮ ತಪ್ಪಿದ್ದರೆ 1 ಕಡಿಮೆ. ‘ಪರಿಸರ ನಾಶವಾಗುತ್ತದೆ’ ಎಂಬ ಎಲ್ಲ ಪ್ರಶ್ನೆಗೂ ಒಗ್ಗುವ ಉತ್ತರಕ್ಕೆ ಸೊನ್ನೆ. ದಯವಿಟ್ಟು ಕನಿಕರ ಬೇಡ. ಇಫುಗಾವೊ ಜನ ಈ ಕಾಡನ್ನು ‘ಮುಯೊಂಗ್’ ಎನ್ನುತ್ತಾರೆ, ಕುಟುಂಬಗಳೇ ಅದನ್ನು ನೋಡಿಕೊಳ್ಳುತ್ತವೆ. ನಮ್ಮ ಮಲೆನಾಡಿನ ಸೊಪ್ಪಿನ ಬೆಟ್ಟದ ಹಾಗೆ ಎಂದು ಯಾರಾದರೂ ಬರೆದರೆ, ಬಿಟ್ಟುಹೋದ ಒಂದು ಕೊಂಡಿಯ ಅಂಕವನ್ನು ಅದಕ್ಕೇ ಕೊಡಬಹುದು.

3. ಇಲಿ ಹತ್ತದಂತೆ ತಡೆ: 1. ಮಾಡಿನ ಕೆಳಗಿನ ಅಟ್ಟದಲ್ಲಿ ಭತ್ತ ಇಡುತ್ತಾರೆ: 1. ಬಿಲ್ಲೆ ಅಗಲವಾಗಿರುವುದರಿಂದ ಇಲಿಗೆ ದಾಟಲಾಗದು: 1. ‘ಅಲಂಕಾರಕ್ಕೆ’ ಎಂದು ಬರೆದು ತಕ್ಕ ಕಾರಣ ಕೊಟ್ಟವರಿಗೂ 1, ಕೇಳಿದ್ದು ಊಹೆಯನ್ನೇ.

4. ಪ್ರತಿ ಕಾರಣಕ್ಕೆ 1, ವಿವರಣೆಗೆ 1. ಯುವಕರು ಪಟ್ಟಣಕ್ಕೆ ಹೋಗಿರುವುದು, ಕಲ್ಲು ಹೊತ್ತು ಕಟ್ಟಲು ಹತ್ತಾರು ಕೈ ಬೇಕಾಗಿರುವುದು, ವರ್ಷಕ್ಕೊಂದೇ ಬೆಳೆಯ ಸ್ಥಳೀಯ ಭತ್ತದಿಂದ ಖರ್ಚು ಹುಟ್ಟದಿರುವುದು, ಮೇಲಿನ ಕಾಲುವೆ ಒಡೆದಿರುವುದು ಇವೆಲ್ಲ ಸರಿ. ಉಳಿದ 1 ಅಂಕ, ಕಂಡದ್ದನ್ನೂ ಊಹಿಸಿದ್ದನ್ನೂ ಬೇರ್ಪಡಿಸಿದ್ದಕ್ಕೆ. ಹುಲ್ಲು ಬೆಳೆದಿರುವುದು ಕಾಣುತ್ತದೆ. ಯುವಕರು ಊರು ಬಿಟ್ಟದ್ದು ಯಾವ ಫೋಟೊದಲ್ಲಿಯೂ ಕಾಣುವುದಿಲ್ಲ.